ಪಂಪ್ ಓಡ್ತಿತ್ತು, ಡೇ ಟ್ಯಾಂಕಿಗೆ ಡೀಸೆಲ್ ಮಾತ್ರ ಬರಲಿಲ್ಲ

ಪ್ರಶ್ನೆ: ಸರ್, ನಮ್ಮದು 500 ಕೆವಿಎ ಸ್ಟ್ಯಾಂಡ್‌ಬೈ ಡೀಸೆಲ್ ಜನರೇಟರ್, ಅಂದ್ರೆ ಡಿಜಿ. ಡೇ ಟ್ಯಾಂಕ್ 990 ಲೀಟರ್, ನೆಲದೊಳಗಿನ ಬಲ್ಕ್ ಟ್ಯಾಂಕ್ 25 ಮೀಟರ್ ದೂರ ಇದೆ. ಟ್ರಾನ್ಸ್‌ಫರ್ ಪಂಪ್ ಡಿಜಿ ರೂಮಲ್ಲೇ ಇದೆ, ನಿಮಿಷಕ್ಕೆ 25 ಲೀಟರ್ ಗೇರ್ ಪಂಪ್, ಲೈನ್ ಒಂದಿಂಚು. ಒಂದೇ ಫ್ಲೋಟ್ ಸ್ವಿಚ್, 450 ಲೀಟರಿಗೆ ಪಂಪ್ ಆನ್, 850ಕ್ಕೆ ಆಫ್. ಪ್ರತಿ ವಾರ 15 ನಿಮಿಷ ಡಿಜಿ ಓಡಿಸಿ ಟೆಸ್ಟ್ ಮಾಡ್ತೀವಿ, ಯಾವತ್ತೂ ತೊಂದರೆ ಇರಲಿಲ್ಲ. ಹೋದ ತಿಂಗಳು ಕರೆಂಟ್ ಹೋದಾಗ 6 ಗಂಟೆ ಓಡಿ ನಿಂತುಬಿಡ್ತು, ನೋಡಿದ್ರೆ ಡೇ ಟ್ಯಾಂಕ್ ಖಾಲಿ, ಪಂಪ್ ಓಡ್ತಾನೇ ಇತ್ತು, ಮುಟ್ಟೋಕಾಗದಷ್ಟು ಬಿಸಿ. ಶುರುವಲ್ಲಿ ಡೇ ಟ್ಯಾಂಕಲ್ಲಿ 480 ಲೀಟರ್ ಇತ್ತು ಅಂತ ಲಾಗ್ ಬುಕ್ಕಲ್ಲಿದೆ. ಬಲ್ಕ್ ಟ್ಯಾಂಕಲ್ಲಿ ಕಾಲು ಭಾಗ ಇತ್ತು, ಎಣ್ಣೆ ಮಟ್ಟ ಪಂಪಿಗಿಂತ ಸುಮಾರು 3 ಮೀಟರ್ ಕೆಳಗೆ. ಈಗ ಪಂಪ್ ಸೀಲ್ ಸೋರ್ತಿದೆ. ಎಲೆಕ್ಟ್ರಿಷಿಯನ್ 3 ಎಚ್‌ಪಿ ದೊಡ್ಡ ಪಂಪ್, ನಿಮಿಷಕ್ಕೆ 60 ಲೀಟರಿಂದು ಹಾಕಿ ಅಂತಾರೆ, ಪ್ಲಂಬರ್ ಫುಟ್ ವಾಲ್ವ್ ಬದಲಾಯಿಸಿದ್ರೆ ಸಾಕು ಅಂತಾರೆ. ಯಾವುದು ಸರಿ?

ಉತ್ತರ:

ದೊಡ್ಡ ಪಂಪ್ ಆರ್ಡರ್ ಕೊಟ್ಟಿದ್ರೆ ಇವತ್ತೇ ನಿಲ್ಲಿಸಿ. ಯಾಕೆ ಅಂತ ಲೆಕ್ಕ ಸಮೇತ ಕೆಳಗೆ ಹೇಳ್ತೀನಿ. ಪ್ಲಂಬರ್ ಹೇಳಿದ್ರಲ್ಲಿ ಅರ್ಧ ನಿಜ ಇದೆ. ಆದ್ರೆ ಇಬ್ಬರೂ ನೋಡದೇ ಇರೋದು ಒಂದಿದೆ, ಅದು ಆವತ್ತಿನ 6 ಗಂಟೆ. ಮೊದಲು ಅದನ್ನೇ ಬಿಡಿಸಿ ನೋಡೋಣ.

500 ಕೆವಿಎ ಅಂದ್ರೆ 400 ಕಿಲೋವ್ಯಾಟ್. ಫುಲ್ ಲೋಡಲ್ಲಿ ಗಂಟೆಗೆ ಹೆಚ್ಚುಕಮ್ಮಿ 100 ಲೀಟರ್ ಕುಡಿಯತ್ತೆ, ಅರವತ್ತು ಎಪ್ಪತ್ತು ಪರ್ಸೆಂಟ್ ಲೋಡಿದ್ರೆ 70 ಲೀಟರ್ ಹತ್ತಿರ. 480ರಲ್ಲಿ ಶುರುವಾಗಿದೆ, ತಳದಲ್ಲಿ ಔಟ್‌ಲೆಟ್ ಪೈಪಿಗಿಂತ ಕೆಳಗಿರೋ 50, 60 ಲೀಟರ್ ಎಂಜಿನ್‌ಗೆ ಸಿಗಲ್ಲ, ಉಳಿದ 420ನ್ನ 70ರಿಂದ ಭಾಗಿಸಿದ್ರೆ ಸರಿಯಾಗಿ 6 ಗಂಟೆ. ಅಂದ್ರೆ ಆವತ್ತು ಬಲ್ಕ್ ಟ್ಯಾಂಕಿಂದ ಒಂದು ಲೀಟರೂ ಬಂದಿಲ್ಲ, ಸ್ವಲ್ಪ ಬಂದು ಆಮೇಲೆ ನಿಂತಿದ್ದೂ ಅಲ್ಲ. 480ರಿಂದ 450ಕ್ಕೆ ಇಳಿಯೋಕೆ 25 ನಿಮಿಷ ಸಾಕು, ಆಗಲೇ ಫ್ಲೋಟ್ ಸ್ವಿಚ್ ಪಂಪನ್ನ ಆನ್ ಮಾಡಿದೆ, ಅಲ್ಲಿಂದ ಐದೂವರೆ ಗಂಟೆ ಪಂಪ್ ಒಣಗಿಕೊಂಡೇ ಓಡಿದೆ. ಗೇರ್ ಪಂಪಿಗೆ ಡೀಸೆಲ್ಲೇ ಲೂಬ್ರಿಕೇಶನ್, ಡೀಸೆಲ್ಲೇ ಕೂಲಿಂಗ್. ನಿಮ್ಮ ಸೀಲ್ ಸುಟ್ಟಿರೋದು ಆ ಐದೂವರೆ ಗಂಟೆಯಲ್ಲಿ. ಅದು ತೊಂದರೆಯ ಕಾರಣ ಅಲ್ಲ, ತೊಂದರೆಯಿಂದ ಆದ ನಷ್ಟ. ಅಷ್ಟು ಹೊತ್ತು ಯಾರಿಗೂ ಗೊತ್ತಾಗದೇ ಇದ್ದಿದ್ದು ಇನ್ನೊಂದು ತೊಂದರೆ, ಅದಕ್ಕೆ ಆಮೇಲೆ ಬರ್ತೀನಿ.

ಈಗ ವಾರದ ಟೆಸ್ಟ್ ವಿಷಯ. ಇದನ್ನ ನಾನು ಹೋದ ಕಡೆಯೆಲ್ಲ ಹೇಳ್ತಾನೇ ಇರ್ತೀನಿ, ಯಾಕಂದ್ರೆ ಹೆಚ್ಚು ಜನ ಮೋಸ ಹೋಗೋದು ಇಲ್ಲೇ. ಲೋಡ್ ಇಲ್ಲದೆ 15 ನಿಮಿಷ ಓಡಿಸಿದ್ರೆ ಈ ಸೈಜಿನ ಎಂಜಿನ್ ಖರ್ಚು ಮಾಡೋದು 4 ಲೀಟರ್ ಆಸುಪಾಸು. ಡೇ ಟ್ಯಾಂಕ್ 850ರಿಂದ 450ಕ್ಕೆ ಇಳಿಬೇಕು ಅಂದ್ರೆ 400 ಲೀಟರ್ ಹೋಗಬೇಕು, ಬರೀ ಟೆಸ್ಟಿಂದಲೇ ಆದ್ರೆ ಅದಕ್ಕೆ 100 ವಾರ. ನಡುವೆ ಅಷ್ಟೋ ಇಷ್ಟೋ ಕರೆಂಟ್ ಹೋಗಿರತ್ತೆ ಅಂತಿಟ್ಟುಕೊಂಡ್ರೂ, ಪಂಪ್ ತಿಂಗಳುಗಟ್ಟಲೆ ಒಂದ್ಸಲವೂ ಆನ್ ಆಗಿರಲ್ಲ. ನೀವು ಪ್ರತಿ ವಾರ ಟೆಸ್ಟ್ ಮಾಡಿದ್ದು ಎಂಜಿನ್ನನ್ನ, ಬ್ಯಾಟರಿಯನ್ನ. ಪಂಪು, ಪೈಪು, ಫ್ಲೋಟ್ ಸ್ವಿಚ್ ಆ ಟೆಸ್ಟಿಗೆ ಸೇರೇ ಇಲ್ಲ.

ಹಾಗೆ ಸುಮ್ಮನೆ ಕೂತಿರೋ ತಿಂಗಳುಗಳಲ್ಲಿ, ಬಲ್ಕ್ ಟ್ಯಾಂಕಿಂದ ಪಂಪಿಗೆ ಬರೋ ಸಕ್ಷನ್ ಲೈನಲ್ಲಿ ಏನಾಗತ್ತೆ ನೋಡಿ. ಲೈನ್ ಪೂರ್ತಿ ಎಣ್ಣೆ ತುಂಬಿ ನಿಂತಿರಬೇಕು, ಪೈಪಿನ ಕೆಳತುದಿಯಲ್ಲಿರೋ ಫುಟ್ ವಾಲ್ವ್ ಅದನ್ನ ಹಿಡಿದಿರಬೇಕು. ವಾಲ್ವಿನ ಸೀಟಲ್ಲಿ ಒಂದು ತುಕ್ಕಿನ ಚೂರು, ಒಂದು ಟೆಫ್ಲಾನ್ ಟೇಪಿನ ಎಳೆ ಸಿಕ್ಕಿಕೊಂಡ್ರೂ ಸಾಕು, ತೊಟ್ಟು ತೊಟ್ಟಾಗಿ ಎಣ್ಣೆ ವಾಪಸ್ ಬಲ್ಕ್ ಟ್ಯಾಂಕಿಗೆ ಇಳಿಯತ್ತೆ. ಆದ್ರೆ ಫುಟ್ ವಾಲ್ವ್ ಒಂದೇ ಸೋರಿದ್ರೆ ಎಣ್ಣೆ ಸುಲಭಕ್ಕೆ ಇಳಿಯಲ್ಲ, ಮೇಲಿಂದ ಗಾಳಿ ಒಳಗೆ ಬರೋಕೆ ದಾರಿನೂ ಬೇಕು, ಸ್ಟ್ರಾ ಮೇಲ್ತುದೀನ ಬೆರಳಿಂದ ಮುಚ್ಚಿದ್ರೆ ನೀರು ಹೇಗೆ ಬೀಳಲ್ವೋ ಹಾಗೆ. ಅದಕ್ಕೇ ಪ್ಲಂಬರ್ ಮಾತು ಅರ್ಧ ನಿಜ ಅಂದಿದ್ದು. ಗಾಳಿ ಬರೋ ದಾರಿ ಬೇರೆ ಕಡೆ ಇದೆ, ಅದು ಸ್ಟ್ರೈನರ್ ಮುಚ್ಚಳದ ಗ್ಯಾಸ್ಕೆಟ್ ಇರಬಹುದು, ಥ್ರೆಡ್ ಜಾಯಿಂಟ್, ಯೂನಿಯನ್, ವಾಲ್ವ್ ಗ್ಲ್ಯಾಂಡ್ ಇರಬಹುದು, ಈಗಂತೂ ಪಂಪ್ ಸೀಲೂ ಸೇರಿಕೊಂಡಿದೆ. ಸಕ್ಷನ್ ಲೈನಿನ ಜಾಯಿಂಟ್ ಹೊರಗಡೆ ಒಣಗೇ ಇರತ್ತೆ, ಯಾಕಂದ್ರೆ ಅಲ್ಲಿ ಎಣ್ಣೆ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗತ್ತೆ. ಬಟ್ಟೆಯಲ್ಲಿ ಒರೆಸಿ ನೋಡಿ ಲೀಕ್ ಇಲ್ಲ ಅಂತ ತೀರ್ಮಾನ ಮಾಡಿದ್ರೆ ಯಾವತ್ತೂ ಸಿಗಲ್ಲ.

ನಾನು ನೋಡಿದ ಒಂದು ಸೈಟಲ್ಲಿ ಮೂರು ಸಲ ಫುಟ್ ವಾಲ್ವ್ ಬದಲಾಯಿಸಿದ್ರು, ನಾಲ್ಕನೇ ಸಲ ನನ್ನ ಕರೆದ್ರು. ಸ್ಟ್ರೈನರ್ ಮುಚ್ಚಳ ಬಿಚ್ಚಿದ್ರೆ ಒಳಗಿನ ಓ ರಿಂಗ್ ಒಂದು ಕಡೆ ಕಚ್ಚಿಹೋಗಿ ಚಪ್ಪಟೆಯಾಗಿತ್ತು. ವರ್ಷಕ್ಕೊಂದ್ಸಲ ಕ್ಲೀನ್ ಮಾಡಿ ಅದೇ ರಿಂಗನ್ನ ವಾಪಸ್ ಹಾಕ್ತಿದ್ರು. ನೀವೂ ಹುಡುಕೋದನ್ನ ಅಲ್ಲಿಂದಲೇ ಶುರು ಮಾಡಿ.

ಇನ್ನು ಒಣಗಿದ ಗೇರ್ ಪಂಪ್ ಸೆಲ್ಫ್ ಪ್ರೈಮಿಂಗ್ ಅಲ್ವಾ ಅಂತ ಕೇಳಬಹುದು. ಹೌದು, ಆದ್ರೆ ಗೇರ್‌ಗಳ ಮೇಲೆ ಎಣ್ಣೆ ಇದ್ದಾಗ ಮಾತ್ರ. ಹಲ್ಲು ಮತ್ತು ಕೇಸಿಂಗ್ ನಡುವಿನ ಸಂದನ್ನ ಮುಚ್ಚೋದು ಆ ಎಣ್ಣೆನೇ. ಅದು ಇಳಿದುಹೋದ್ರೆ ಗಾಳಿ ಆ ಸಂದಲ್ಲೇ ಹಿಂದಕ್ಕೆ ನುಸುಳತ್ತೆ, ಪಂಪ್ ತಿರುಗ್ತಾ ಇರತ್ತೆ, ವ್ಯಾಕ್ಯೂಮ್ ಆಗಲ್ಲ. ಜೊತೆಗೆ ಡೆಲಿವರಿ ಕಡೆ ಎಣ್ಣೆ ವಾಪಸ್ ಬರದ ಹಾಗೆ ತಡೆಯೋ ಎನ್‌ಆರ್‌ವಿ ಇದ್ದು ಅದರ ಮೇಲೆ ಎಣ್ಣೆ ನಿಂತಿದ್ರೆ, ಪಂಪಿಗೆ ಆ ಚೂರು ಗಾಳಿಯನ್ನ ಒತ್ತಿ ವಾಲ್ವ್ ಎತ್ತೋ ಶಕ್ತಿನೂ ಇರಲ್ಲ. ಹಾಗಾಗಿ ಪಂಪಿಗೂ ಎನ್‌ಆರ್‌ವಿಗೂ ಮಧ್ಯೆ ಒಂದು ಸಣ್ಣ ಏರ್ ಬ್ಲೀಡ್ ಕಾಕ್ ಇರಬೇಕು, ಸಕ್ಷನ್ ಕಡೆ ಅರ್ಧ ಲೀಟರ್ ಡೀಸೆಲ್ ಸುರಿಯೋಕೆ ಒಂದು ಪ್ರೈಮಿಂಗ್ ಪ್ಲಗ್ ಇರಬೇಕು. ಆವತ್ತು ರಾತ್ರಿ ಇವೆರಡು ಇದ್ದು, ಪಕ್ಕದಲ್ಲಿ ಒಬ್ಬ ಗೊತ್ತಿರೋನು ಇದ್ದಿದ್ರೆ ಡಿಜಿ ನಿಲ್ತಾ ಇರಲಿಲ್ಲ.

ಈಗ ದೊಡ್ಡ ಪಂಪಿನ ಲೆಕ್ಕ. ಪಂಪ್ ಎಳೆಯೋದು ಅಂದ್ರೆ ನಿಜವಾಗಿ ಎಳೆಯಲ್ಲ, ತನ್ನ ಬಾಯಲ್ಲಿ ಒತ್ತಡ ಕಮ್ಮಿ ಮಾಡತ್ತೆ, ಹೊರಗಿನ ಗಾಳಿ ಒತ್ತಡ ಎಣ್ಣೆಯನ್ನ ಮೇಲಕ್ಕೆ ತಳ್ಳತ್ತೆ. ಡೀಸೆಲ್ಲಿಗೆ ಸಕ್ಷನ್ನಲ್ಲಿ 250 ಎಂಎಂ ಮರ್ಕ್ಯುರಿಗಿಂತ ಜಾಸ್ತಿ ವ್ಯಾಕ್ಯೂಮ್ ಆಗದ ಹಾಗೆ ಇಟ್ಟುಕೊಳ್ಳೋದು ಒಳ್ಳೇದು, ಅಂದ್ರೆ ಎತ್ತರ ಮತ್ತು ಪೈಪಿನ ಫ್ರಿಕ್ಷನ್ ಎರಡೂ ಸೇರಿ ಸುಮಾರು 4 ಮೀಟರ್ ಡೀಸೆಲ್. ಅದನ್ನ ದಾಟಿದ್ರೆ ಎಣ್ಣೆಯಲ್ಲಿ ಕರಗಿರೋ ಗಾಳಿನೇ ಗುಳ್ಳೆಯಾಗಿ ಹೊರಗೆ ಬರೋಕೆ ಶುರು, ಪ್ರತಿ ಸಣ್ಣ ಲೀಕೂ ದೊಡ್ಡದಾಗತ್ತೆ. ನಿಮ್ಮ ಲೈನ್ 25 ಮೀಟರ್, ಬೆಂಡು, ವಾಲ್ವು, ಸ್ಟ್ರೈನರ್ ಎಲ್ಲ ಲೆಕ್ಕಕ್ಕೆ ತಗೊಂಡ್ರೆ 40 ಮೀಟರ್ ಪೈಪಿಗೆ ಸಮ ಅಂತ ಇಟ್ಟುಕೊಳ್ಳೋಣ. ಒಂದಿಂಚು ಪೈಪಲ್ಲಿ ನಿಮಿಷಕ್ಕೆ 25 ಲೀಟರ್ ಹರಿದ್ರೆ ಫ್ರಿಕ್ಷನ್ನೇ 2 ಮೀಟರ್ ದಾಟತ್ತೆ, ಅದಕ್ಕೆ 3 ಮೀಟರ್ ಎತ್ತರ ಸೇರಿಸಿ, 5 ಮೀಟರ್ ಮೇಲಾಯ್ತು, ಅದು 320 ಎಂಎಂ ಹತ್ತಿರ. ಅಂದ್ರೆ ಈಗಿರೋ ಪಂಪೇ ಈ ಲೈನಿಗೆ ದೊಡ್ಡದು. ಬಲ್ಕ್ ಟ್ಯಾಂಕ್ ತುಂಬಿದ್ದಾಗ ಎಣ್ಣೆ ಮಟ್ಟ ಒಂದು ಮೀಟರ್ ಚಿಲ್ಲರೆ ಕೆಳಗಿರತ್ತೆ ಅಷ್ಟೆ, ಆಗ 210 ಎಂಎಂ ಆಸುಪಾಸಲ್ಲಿ ನಡೆದುಬಿಡತ್ತೆ, ಹೊಸದಾಗಿ ಹಾಕಿ ಓಡಿಸಿ ತೋರಿಸಿದ ದಿನ ಟ್ಯಾಂಕ್ ತುಂಬಿತ್ತೇನೋ, ಹಾಗಾಗಿ ಎಲ್ಲರೂ ಸರಿ ಇದೆ ಅಂದುಕೊಂಡಿರ್ತಾರೆ.

ಇದೇ ಪೈಪಿಗೆ 60 ಲೀಟರಿನ ಪಂಪ್ ಹಾಕಿದ್ರೆ ಬರೀ ಫ್ರಿಕ್ಷನ್ನೇ 10, 11 ಮೀಟರ್ ಆಗತ್ತೆ. ಎತ್ತರವನ್ನೂ ಸೇರಿಸಿದ್ರೆ ಪ್ರಕೃತಿಯಲ್ಲಿರೋ ಗಾಳಿ ಒತ್ತಡವೇ ಸಾಲಲ್ಲ. ಮೋಟಾರ್ 3 ಎಚ್‌ಪಿ ಇರಲಿ 10 ಎಚ್‌ಪಿ ಇರಲಿ, ಸಕ್ಷನ್ನಲ್ಲಿ ಅದರಿಂದ ಏನೂ ಉಪಯೋಗ ಇಲ್ಲ. ಅಕಸ್ಮಾತ್ ಎಳೆದುಬಿಟ್ಟಿತು ಅಂತಾನೇ ಅಂದುಕೊಳ್ಳಿ, ಫ್ಲೋಟ್ ಸ್ವಿಚ್ ಕೈಕೊಟ್ಟ ದಿನ ನಿಮಿಷಕ್ಕೆ 60 ಲೀಟರ್ ಡೀಸೆಲ್ಲನ್ನ ನಿಮ್ಮ ಓವರ್‌ಫ್ಲೋ ಪೈಪ್ ವಾಪಸ್ ಬಲ್ಕ್ ಟ್ಯಾಂಕಿಗೆ ಇಳಿಸಬೇಕು, ಅದೂ ಬರೀ ಗ್ರಾವಿಟಿಯಲ್ಲಿ. ಅದಾಗದೇ ಹೋದ್ರೆ ವೆಂಟಿಂದ ಉಕ್ಕಿ, ಬಿಸಿ ಎಂಜಿನ್ ಇರೋ ರೂಮಲ್ಲಿ ನೆಲದ ಮೇಲೆ ಡೀಸೆಲ್.

ನಿಮಗೆ ಬೇಕಿರೋದು ಎಷ್ಟು? ಎಂಜಿನ್ ಫುಲ್ ಲೋಡಲ್ಲಿ 100 ಲೀಟರ್ ತಗೊಳ್ಳತ್ತೆ. ಫೀಡ್ ಲೈನಲ್ಲಿ ಅದಕ್ಕಿಂತ ಜಾಸ್ತಿ ಹರಿಯತ್ತೆ ನಿಜ, ಆದ್ರೆ ಮಿಕ್ಕಿದ್ದು ರಿಟರ್ನ್ ಲೈನಲ್ಲಿ ವಾಪಸ್ ಡೇ ಟ್ಯಾಂಕಿಗೇ ಬೀಳತ್ತೆ, ಹಾಗಾಗಿ ಪಂಪ್ ತುಂಬಬೇಕಿರೋದು ಖರ್ಚಾದಷ್ಟನ್ನ ಮಾತ್ರ. ನಿಮಿಷಕ್ಕೆ 8 ಲೀಟರಿನ ಪಂಪ್ ಗಂಟೆಗೆ 480 ಲೀಟರ್ ಕೊಡತ್ತೆ, ಅದು ಬೇಕಾದ್ದರ ನಾಲ್ಕು ಪಟ್ಟಿಗಿಂತ ಜಾಸ್ತಿ. ನಿಮ್ಮ 70 ಲೀಟರ್ ಲೋಡಲ್ಲಿ ಡಿಜಿ ಓಡ್ತಿದ್ದಾಗಲೇ 450ರಿಂದ 850ಕ್ಕೆ ಒಂದು ಗಂಟೆಯಲ್ಲಿ ತುಂಬಿಬಿಡತ್ತೆ. ಫ್ರಿಕ್ಷನ್ ಕಾಲು ಮೀಟರಿಗೆ ಇಳಿಯತ್ತೆ, ಒಟ್ಟು ವ್ಯಾಕ್ಯೂಮ್ 200 ಎಂಎಂ. ಅದೇ ಪೈಪು, ಅದೇ ಟ್ಯಾಂಕು, ಪಂಪ್ ಚಿಕ್ಕದು ಮಾಡಿದ್ದಕ್ಕೇ ವ್ಯವಸ್ಥೆ ಲಿಮಿಟ್ ಒಳಗೆ ಬಂತು. ಸೀಲ್ ಸುಟ್ಟು ಹೇಗಿದ್ರೂ ಪಂಪಿಗೆ ಖರ್ಚು ಬಂದಿದೆ, ರಿಪೇರಿ ಬದಲು ಚಿಕ್ಕದು ತಗೊಳ್ಳಿ, ಸಾಧ್ಯ ಇದ್ರೆ ಎರಡು ತಗೊಳ್ಳಿ.

ಅದಕ್ಕೂ ಮುಂಚೆ ಲೀಕ್ ಹಿಡೀಬೇಕು. ಪಂಪಿನ ಸಕ್ಷನ್ನಲ್ಲಿ ಸ್ಟ್ರೈನರ್ ಆದ್ಮೇಲೆ ಒಂದು ವ್ಯಾಕ್ಯೂಮ್ ಗೇಜ್ ಹಾಕಿಸಿ, ಪಂಪಿಗೂ ಗೇಜಿಗೂ ಮಧ್ಯೆ ಒಂದು ವಾಲ್ವ್ ಇರಲಿ, ಶಾಶ್ವತವಾಗಿ ಅಲ್ಲೇ ಇರಲಿ. ಸರಿ ಇರೋ ಪಂಪಿಂದ ಲೈನ್ ತುಂಬಿಸಿ, ಬಲ್ಕ್ ಟ್ಯಾಂಕ್ ಮೇಲಿನ ವಾಲ್ವ್ ಮುಚ್ಚಿ, ಪಂಪನ್ನ ಕೆಲವೇ ಸೆಕೆಂಡ್ ಓಡಿಸಿ. ಮುಳ್ಳು 400, 500 ಎಂಎಂ ಕಡೆ ಹೋಗಬೇಕು. ಹೋಗದಿದ್ರೆ ಪಂಪ್ ಸವೆದಿದೆ ಅಥವಾ ಲೀಕ್ ತುಂಬ ದೊಡ್ಡದು. ಹೋದ್ರೆ ಪಂಪ್ ಪಕ್ಕದ ವಾಲ್ವ್ ಮುಚ್ಚಿ ಪಂಪ್ ನಿಲ್ಲಿಸಿ, ಹತ್ತು ನಿಮಿಷ ಮುಳ್ಳನ್ನೇ ನೋಡಿ. ನಿಂತಲ್ಲೇ ನಿಂತ್ರೆ ಲೈನ್ ಗಟ್ಟಿ, ಸರಸರ ಇಳಿದ್ರೆ ಗಾಳಿ ನುಗ್ಗುತ್ತಿದೆ. ಎಲ್ಲಿ ಅಂತ ಹುಡುಕೋಕೆ, ಟ್ಯಾಂಕನ್ನ ಪೂರ್ತಿ ಬೇರೆ ಮಾಡಿ ಲೈನಿಗೆ ಮಾತ್ರ ನೈಟ್ರೋಜನ್ ಅರ್ಧ ಬಾರ್‌ಗಿಂತ ಕಮ್ಮಿ ಕೊಟ್ಟು, ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ. ಟ್ಯಾಂಕಿಗೆ ಮಾತ್ರ ಯಾವ ಕಾರಣಕ್ಕೂ ಪ್ರೆಶರ್ ಹೋಗಬಾರದು.

ಇದೇ ಗೇಜ್ ಮುಂದೆ ದಿನಾ ಕೆಲಸಕ್ಕೆ ಬರತ್ತೆ. ಪಂಪ್ ಓಡುವಾಗ 200 ತೋರಿಸ್ತಿದ್ದದ್ದು ತಿಂಗಳು ಕಳೆದಂತೆ 250, 300 ಆಗ್ತಾ ಹೋದ್ರೆ ಸ್ಟ್ರೈನರ್ ಕಟ್ಟಿಕೊಳ್ತಿದೆ. ಬದಲಿಗೆ ಸೊನ್ನೆ ಹತ್ತಿರ ಅಲ್ಲಾಡ್ತಾ ಇದ್ದು ಎಣ್ಣೆನೂ ಬರ್ತಿಲ್ಲ ಅಂದ್ರೆ ಗಾಳಿ.

ಪೈಪಿನ ಕೆಲಸದಲ್ಲಿ ನಿಮ್ಮ ಮುಂದೆ ಎರಡು ದಾರಿ ಇದೆ. ಒಂದು, ಪಂಪ್ ಈಗಿರೋ ಕಡೆಯೇ ಇಟ್ಟುಕೊಂಡು ಸಕ್ಷನ್ ಲೈನನ್ನ ಸರಿ ಮಾಡೋದು. ಎಂಎಸ್ ಪೈಪ್, ಆದಷ್ಟು ವೆಲ್ಡಿಂಗ್, ನೆಲದೊಳಗೆ ಒಂದೂ ಯೂನಿಯನ್ ಬೇಡ, ಬಲ್ಕ್ ಟ್ಯಾಂಕ್ ಕಡೆಗೆ ಒಂದೇ ಸಮ ಇಳಿಜಾರು, ಮಧ್ಯೆ ಎಲ್ಲೂ ಗುಡ್ಡದ ಹಾಗೆ ಎದ್ದಿರಬಾರದು, ಅಲ್ಲೇ ಗಾಳಿ ಕೂರೋದು. ಜಿಐ ಪೈಪ್ ಹಾಕಿದ್ರೆ ಬದಲಾಯಿಸಿ, ಸತು ಡೀಸೆಲ್ ಜೊತೆ ಸೇರಿ ಅಂಟಂಟು ಮಡ್ಡಿ ಮಾಡತ್ತೆ. ಟೇಪ್ ಬಿಟ್ಟು ಡೀಸೆಲ್ ತಡೆಯೋ ಥ್ರೆಡ್ ಸೀಲಂಟ್ ಹಚ್ಚಿ. ಫುಟ್ ವಾಲ್ವ್ ತಳದಲ್ಲಿ ಕಣ್ಣಿಗೆ ಕಾಣದೆ ಕೂರೋ ಬದಲು, ಬಲ್ಕ್ ಟ್ಯಾಂಕಿನ ಮೇಲೆ ಚೇಂಬರಿನೊಳಗೆ ಆ್ಯಂಗಲ್ ಚೆಕ್ ವಾಲ್ವ್ ಹಾಕಿಸಿದ್ರೆ ಬಿಚ್ಚಿ ತೊಳೆಯೋಕೆ ಅರ್ಧ ಗಂಟೆ ಸಾಕು. ಎರಡೂ ಇರಲಿ ಅಂತ ಹಾಕಬೇಡಿ. ಎರಡು ಚೆಕ್ ವಾಲ್ವ್ ಮಧ್ಯೆ ಸಿಕ್ಕಿಬಿದ್ದ ಎಣ್ಣೆ ಬಿಸಿಲಿಗೆ ಹಿಗ್ಗಿದ್ರೆ ಹೋಗೋಕೆ ಜಾಗ ಇರಲ್ಲ, ಗ್ಯಾಸ್ಕೆಟ್ ಕಿತ್ತು ಹೊರಗೆ ಬರತ್ತೆ. ಈ ದಾರಿಯ ಮಿತಿ ಏನು ಅಂದ್ರೆ, ಎಷ್ಟೇ ಚೆನ್ನಾಗಿ ಮಾಡಿದ್ರೂ 3 ಮೀಟರ್ ಎತ್ತರ ಎಲ್ಲೂ ಹೋಗಲ್ಲ, ಟ್ಯಾಂಕ್ ಇನ್ನೂ ಕೆಳಗೆ ಇಳಿದ ಹಾಗೆ ಉಳಿದಿರೋ ಮಾರ್ಜಿನ್ ಕರಗ್ತಾ ಹೋಗತ್ತೆ.

ಇನ್ನೊಂದು, ಬಲ್ಕ್ ಟ್ಯಾಂಕಿನೊಳಗೇ ಸಬ್‌ಮರ್ಸಿಬಲ್ ಪಂಪ್ ಇಳಿಸಿ ಎಣ್ಣೆಯನ್ನ ತಳ್ಳೋದು. ಪ್ರೈಮಿಂಗ್ ಅನ್ನೋ ತೊಂದರೆನೇ ಇಲ್ಲ. ಆದ್ರೆ ಆಗ 25 ಮೀಟರ್ ಪೈಪ್ ಪೂರ್ತಿ ಪ್ರೆಶರಲ್ಲಿರತ್ತೆ, ಮೊದಲು ಗಾಳಿ ಒಳಗೆ ಬರ್ತಿದ್ದ ತೂತಲ್ಲಿ ಈಗ ಡೀಸೆಲ್ ಹೊರಗೆ ಹೋಗತ್ತೆ, ಮಣ್ಣಿಗೆ, ಅಂತರ್ಜಲಕ್ಕೆ, ಯಾರಿಗೂ ಗೊತ್ತಾಗದ ಹಾಗೆ. ಹಾಗಾಗಿ ಡಬಲ್ ವಾಲ್ ಪೈಪು, ಮಧ್ಯದ ಜಾಗದಲ್ಲಿ ಲೀಕ್ ಸೆನ್ಸರು, ಇಂಧನದ ಟ್ಯಾಂಕಿಗೆ ಅಂತಲೇ ಮಾಡಿದ ಮೋಟಾರ್ ಮತ್ತು ವೈರಿಂಗ್ ಇಲ್ಲದೆ ಇದನ್ನ ಮಾಡಲೇಬೇಡಿ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಮೊದಲನೇ ದಾರಿ ಹಿಡಿದು, ಚಿಕ್ಕ ಪಂಪ್ ಹಾಕಿ, ಬಲ್ಕ್ ಟ್ಯಾಂಕನ್ನ ಅರ್ಧಕ್ಕಿಂತ ಕೆಳಗೆ ಇಳಿಯೋಕೆ ಬಿಡ್ತಿರಲಿಲ್ಲ.

ಡೆಲಿವರಿ ಪೈಪ್ ಡೇ ಟ್ಯಾಂಕಿಗೆ ಎಲ್ಲಿ ಸೇರತ್ತೆ ಅಂತಲೂ ನೋಡಿ. ಮೇಲಿಂದ ಬಂದು ಎಣ್ಣೆ ಮಟ್ಟಕ್ಕಿಂತ ಮೇಲೆ ಮುಗಿದ್ರೆ ಒಳ್ಳೇದು. ತಳದವರೆಗೂ ಇಳಿಸಿದ್ರೆ, ಚೆಕ್ ವಾಲ್ವ್ ಸೋರಿದ ದಿನ ಡೇ ಟ್ಯಾಂಕಿನ ಡೀಸೆಲ್ಲೇ ಸೈಫನ್ ಆಗಿ ಬಲ್ಕ್ ಟ್ಯಾಂಕಿಗೆ ವಾಪಸ್ ಹರಿಯತ್ತೆ.

ಈಗ ಆ ಐದೂವರೆ ಗಂಟೆ ಮೌನದ ವಿಷಯ. ನಿಮ್ಮ ಒಂದೇ ಫ್ಲೋಟ್ ಸ್ವಿಚ್ ತನ್ನ ಕೆಲಸ ಸರಿಯಾಗೇ ಮಾಡಿದೆ, 450ಕ್ಕೆ ಪಂಪ್ ಆನ್ ಮಾಡಿದೆ. ಪಂಪ್ ಆನ್ ಆದ್ರೆ ಎಣ್ಣೆ ಬಂತು ಅಂತ ನಂಬಿಕೊಂಡಿದ್ದೇ ತಪ್ಪು. ಪಂಪ್ ಕಾಂಟ್ಯಾಕ್ಟರ್ ಎಳೆದಾಗ ಒಂದು ಟೈಮರ್ ಶುರುವಾಗಲಿ, ಐದು ನಿಮಿಷದಲ್ಲಿ ಡೆಲಿವರಿ ಲೈನಿನ ಫ್ಲೋ ಸ್ವಿಚ್ ಎಣ್ಣೆ ಹರೀತಿದೆ ಅಂತ ಹೇಳದೇ ಹೋದ್ರೆ ಪಂಪ್ ನಿಲ್ಲಲಿ, ಅಲಾರ್ಮ್ ಬರಲಿ, ಎರಡನೇ ಪಂಪ್ ಇದ್ರೆ ಅದು ಆನ್ ಆಗಲಿ. ಸಕ್ಷನ್ ಲೈನ್ ಪೂರ್ತಿ ಖಾಲಿ ಇದ್ರೂ ಅದರಲ್ಲಿ ಹಿಡಿಯೋದು 12, 13 ಲೀಟರ್ ಅಷ್ಟೆ, 8 ಲೀಟರಿನ ಪಂಪಿಗೆ ಎರಡು ನಿಮಿಷ ಸಾಕು, ಐದು ನಿಮಿಷ ಕೊಟ್ಟಿದ್ದು ಧಾರಾಳ ಆಯ್ತು. ಇದೊಂದು ಇದ್ದಿದ್ರೆ ಆವತ್ತು ಕರೆಂಟ್ ಹೋದ ಅರ್ಧ ಗಂಟೆಗೇ ನಿಮಗೆ ಗೊತ್ತಾಗ್ತಿತ್ತು, ಕೈಯಲ್ಲಿ ಇನ್ನೂ ಐದೂವರೆ ಗಂಟೆ ಇರ್ತಿತ್ತು, ಪಂಪೂ ಉಳೀತಿತ್ತು.

ಅದರ ಜೊತೆಗೆ ಪಂಪ್ ಆನ್ ಮಾಡೋ ಸ್ವಿಚ್ಚಿಗೆ ಸಂಬಂಧವೇ ಇಲ್ಲದ ಇನ್ನೊಂದು ಫ್ಲೋಟ್ ಸ್ವಿಚ್ ಕೆಳಗೆ, 380 ಲೀಟರ್ ಹತ್ತಿರ, ಬರೀ ಲೋ ಲೆವೆಲ್ ಅಲಾರ್ಮಿಗೆ. ಮೊದಲ ಸ್ವಿಚ್ಚೇ ಅಂಟಿಕೊಂಡ್ರೆ ಇದು ಹೇಳತ್ತೆ. ಇದರ ಕಾಂಟ್ಯಾಕ್ಟ್ ಮಾಮೂಲಿಯಾಗಿ ಮುಚ್ಚಿದ್ದು, ಲೆವೆಲ್ ಇಳಿದಾಗ ತೆರೆಯೋ ಹಾಗೆ ವೈರಿಂಗ್ ಮಾಡಿಸಿ, ವೈರ್ ತುಂಡಾದ್ರೂ ಅಲಾರ್ಮ್ ಬರತ್ತೆ. ಮೇಲೆ 920ರ ಹತ್ತಿರ ಹೈ ಲೆವೆಲ್ ಸ್ವಿಚ್, ಅದೂ ಬೇರೆಯೇ, ನೇರವಾಗಿ ಕಾಂಟ್ಯಾಕ್ಟರ್ ಕಾಯಿಲನ್ನ ಕಟ್ ಮಾಡಬೇಕು. ಅಲಾರ್ಮ್ ಡಿಜಿ ರೂಮಲ್ಲಿ ಕೂಗಿದ್ರೆ ಎಂಜಿನ್ ಸದ್ದಲ್ಲಿ ಯಾರಿಗೂ ಕೇಳಲ್ಲ, 24 ಗಂಟೆ ಜನ ಇರೋ ಕಡೆಗೆ ಎಳೆಸಿ.

ಟೆಸ್ಟ್ ಹೀಗೆ ಬದಲಾಯಿಸಿ. ತಿಂಗಳಿಗೊಮ್ಮೆ ಡೇ ಟ್ಯಾಂಕಿನ ಡ್ರೈನ್ ವಾಲ್ವಿಂದ ಎಣ್ಣೆಯನ್ನ ವಾಪಸ್ ಬಲ್ಕ್ ಟ್ಯಾಂಕಿಗೆ ಇಳಿಸಿ, 450ಕ್ಕೆ ಪಂಪ್ ತಾನಾಗೇ ಆನ್ ಆಗೋವರೆಗೂ. ಫ್ಲೋಟನ್ನ ಕೈಯಲ್ಲಿ ಕೆಳಗೆ ಒತ್ತಿ ಆನ್ ಮಾಡೋದು ಬೇಡ, ಅಂಟಿಕೊಂಡಿರೋ ಫ್ಲೋಟನ್ನ ನಿಮ್ಮ ಕೈಯೇ ಬಿಡಿಸಿಬಿಡತ್ತೆ. ಪಂಪ್ ಆನ್ ಆದ ಕ್ಷಣದಿಂದ ಎಣ್ಣೆ ಡೇ ಟ್ಯಾಂಕಿಗೆ ಬೀಳೋವರೆಗೆ ಎಷ್ಟು ಸೆಕೆಂಡ್ ಅಂತ ಲಾಗ್ ಬುಕ್ಕಲ್ಲಿ ಬರೆದಿಡಿ. ತುಂಬಿದ ಲೈನಲ್ಲಿ ತಕ್ಷಣ ಬೀಳತ್ತೆ. ಈ ತಿಂಗಳು 5 ಸೆಕೆಂಡ್, ಬರೋ ತಿಂಗಳು 20, ಆಮೇಲೆ 50 ಅಂತ ಏರ್ತಾ ಹೋದ್ರೆ ಲೈನ್ ಖಾಲಿಯಾಗ್ತಿದೆ, ಚೆಕ್ ವಾಲ್ವೋ ಗ್ಯಾಸ್ಕೆಟ್ಟೋ ಕೈಕೊಡ್ತಿದೆ ಅಂತ ಡಿಜಿ ನಿಲ್ಲೋಕೆ ಎಷ್ಟೋ ಮುಂಚೆ ಗೊತ್ತಾಗತ್ತೆ.

ಇದೆಲ್ಲ ಮುಗಿಯೋವರೆಗೆ ಮತ್ತೆ ಕರೆಂಟ್ ಹೋಗಬಹುದು. ಒಂದು ಬ್ಯಾರಲ್ ಹ್ಯಾಂಡ್ ಪಂಪ್, 200 ಲೀಟರಿನ ಎರಡು ಬ್ಯಾರಲ್ ಡೀಸೆಲ್ ಡಿಜಿ ರೂಮಿನ ಹೊರಗೆ, ಸೋರಿದ್ರೆ ಹಿಡಿಯೋ ಟ್ರೇ ಮೇಲೆ ಇಟ್ಟುಕೊಳ್ಳಿ. ನಿಮ್ಮ ಲೋಡಿಗೆ ಒಂದು ಬ್ಯಾರಲ್ ಅಂದ್ರೆ ಹತ್ತಿರ ಹತ್ತಿರ 3 ಗಂಟೆ. ಹ್ಯಾಂಡ್ ಪಂಪನ್ನ ಈಗಿರೋ ಸಕ್ಷನ್ ಲೈನಿಗೆ ಮಾತ್ರ ಜೋಡಿಸಬೇಡಿ. ಆ ಲೈನಲ್ಲೇ ಗಾಳಿ ಇರೋದು, ಮೋಟಾರಿಗೆ ಆಗದ್ದು ಕೈಗೂ ಆಗಲ್ಲ.